ಗುರುವಾರದ ಅಕ್ಕಿ ಮತ್ತು ನಮ್ಮ ನಡಾವಳಿ ಪುಸ್ತಕ

ಏಳನೇ ತರಗತಿಯವರೆಗಿನ ಹಳ್ಳಿ ಶಾಲೆಯ ಮುಖ್ಯ ಶಿಕ್ಷಕನಾದ ನಾನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಸ್‌ಡಿಎಂಸಿಗೆ, ಸದಸ್ಯ ಕಾರ್ಯದರ್ಶಿಯೂ ಹೌದು. ಹಾಗಾಗಿ ಸಭೆಯ ನಡಾವಳಿ ಬರೆಯುವುದು ನನ್ನದೇ ಕೆಲಸ. ಮೊದಲ ಎರಡು ವರ್ಷ ಅದನ್ನು ನಾನು ಬರೆದ ರೀತಿ ನೆನೆದರೆ ಈಗ ನಾಚಿಕೆಯಾಗುತ್ತದೆ. ‘ಕಟ್ಟಡದ ಬಗ್ಗೆ ಚರ್ಚಿಸಲಾಯಿತು, ಹಾಜರಾತಿ ಹೆಚ್ಚಿಸಲು ತೀರ್ಮಾನಿಸಲಾಯಿತು, ಬಿಸಿಯೂಟ ಉತ್ತಮವಾಗಿದೆ.’ ಇಷ್ಟೇ. ಪುಟದ ಕೆಳಗೆ ಮೊದಲೇ ಸಹಿ ಹಾಕಿಸಿಕೊಂಡು, ಸಂಜೆ ಮನೆಯಲ್ಲಿ ಕುಳಿತು ಮೇಲಿನದನ್ನು ತುಂಬುತ್ತಿದ್ದೆ.

ಈ ಚಾಳಿ ಬಿಡಿಸಿದ್ದು ಅಕ್ಕಿ. ಒಂದು ಸಭೆಯಲ್ಲಿ ಒಬ್ಬ ತಾಯಿ, “ಮೇಷ್ಟ್ರೇ, ದಾಸ್ತಾನು ಪುಸ್ತಕದಲ್ಲಿ ಇರುವಷ್ಟು ಅಕ್ಕಿ ಕೋಣೆಯಲ್ಲಿ ಇದೆಯೇ? ಒಮ್ಮೆ ತೂಗಿಸಿ ನೋಡೋಣ” ಎಂದರು. ತೂಗಿಸಿದೆವು. ಪುಸ್ತಕದಲ್ಲಿ 212 ಕಿಲೋ, ತಕ್ಕಡಿಯಲ್ಲಿ 197. ಸಭೆ ಮೌನವಾಯಿತು, ಎಲ್ಲರ ಕಣ್ಣೂ ಅಡುಗೆಯವರ ಕಡೆ ಹೊರಳಿತು.

ಯಾರ ಮೇಲೂ ಮಾತು ಬೀಳುವ ಮೊದಲು ಹಾಜರಿ ಪುಸ್ತಕ ತರಿಸಿದೆ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, ಆರು ಮತ್ತು ಏಳರ ಮಗುವಿಗೆ 150 ಗ್ರಾಂ ಧಾನ್ಯ. ಸಾಮಾನ್ಯ ದಿನ ನಮ್ಮಲ್ಲಿ ಕಿರಿಯರು 46, ಹಿರಿಯರು 28. ಅಂದರೆ 4.6 ಮತ್ತು 4.2, ಒಟ್ಟು 8.8 ಕಿಲೋ. ಗುರುವಾರ ಸಂತೆ, ಅಂದು ಬರುವವರು 39 ಮತ್ತು 23, ಬೇಕಾಗುವುದು 7.35 ಕಿಲೋ. ನಾನು ಪುಸ್ತಕದಲ್ಲಿ ಹಾಜರಿಯಂತೆ 7.35 ಬರೆದಿದ್ದೆ. ಅಡುಗೆಯವರು ಎಂದಿನ ಪಾತ್ರೆಯಲ್ಲಿ ಎಂದಿನಷ್ಟೇ ಅಳೆದು ಬೇಯಿಸಿದ್ದರು. ಗುರುವಾರಕ್ಕೆ 1.45 ಕಿಲೋ ವ್ಯತ್ಯಾಸ. ಹಿಂದಿನ ಬಾರಿ ತೂಗಿದ ಮೇಲೆ ಹತ್ತು ಗುರುವಾರ ಕಳೆದಿದ್ದವು, ಹದಿನಾಲ್ಕೂವರೆ ಕಿಲೋ. ಉಳಿದ ಅರ್ಧ ಕಿಲೋ ಮೂಟೆಯಿಂದ ಸೋರಿತೋ ಇಲಿ ತಿಂದಿತೋ, ಅದನ್ನು ಕೆದಕಲಿಲ್ಲ. ಮಿಕ್ಕ ಅನ್ನ ಏನಾಗುತ್ತಿತ್ತು ಎಂದು ಕೇಳಿದರೆ, ಮುಖ್ಯ ಅಡುಗೆಯವರು ತಲೆ ತಗ್ಗಿಸಿ “ಕಲಗಚ್ಚಿಗೆ” ಎಂದರು. ಕಳ್ಳತನವಲ್ಲ, ಲೆಕ್ಕ ಮತ್ತು ಸೌಟು ಬೇರೆ ಬೇರೆ ದಾರಿ ಹಿಡಿದದ್ದು. ತಪ್ಪು ಅವರದಷ್ಟೇ ಅಲ್ಲ, ಅಂದಿನ ಹಾಜರಿ ಅಡುಗೆ ಕೋಣೆಗೆ ತಲುಪುವಂತೆ ನಾನು ನೋಡಿಕೊಂಡಿರಲಿಲ್ಲ.

ಅಂದು ನಿರ್ಣಯವನ್ನು ಸಭೆಯಲ್ಲೇ, ಎಲ್ಲರ ಮುಂದೆ ಬರೆದೆ. ಬೆಳಗಿನ ಹಾಜರಿ ಮುಗಿದ ಕೂಡಲೇ ಕಿರಿಯರೆಷ್ಟು, ಹಿರಿಯರೆಷ್ಟು ಎಂಬ ಚೀಟಿ ಅಡುಗೆ ಕೋಣೆಗೆ ಹೋಗಬೇಕು. ಅಕ್ಕಿಯನ್ನು ಪಾತ್ರೆಯಲ್ಲಿ ಅಳೆಯದೆ ತೂಗಬೇಕು. ತಿಂಗಳ ಕೊನೆಯ ಕೆಲಸದ ದಿನ ಇಬ್ಬರು ಸದಸ್ಯರು ದಾಸ್ತಾನು ತೂಗಿ ಸಹಿ ಮಾಡಬೇಕು. ಆ ಇಬ್ಬರು ಯಾರು ಎಂಬುದನ್ನೂ ಬರೆದೆ. ಕೊರತೆಯನ್ನೂ ಅದರ ಕಾರಣವನ್ನೂ ಮುಚ್ಚಿಡದೆ ದಾಖಲಿಸಿದೆ. ‘ಬೇಡ ಮೇಷ್ಟ್ರೇ, ತನಿಖೆಗೆ ಬಂದವರು ಓದಿಯಾರು’ ಎಂದು ಅಧ್ಯಕ್ಷರು ಹಿಂಜರಿದರು. ಓದಲಿ ಎಂದೇ ಬರೆದೆ.

ಹಾಜರಾತಿಯ ವಿಷಯವೂ ಅಲ್ಲೇ ಬಿಚ್ಚಿಕೊಂಡಿತು. ಗುರುವಾರ ತಪ್ಪಿಸುವ ಹನ್ನೆರಡು ಮಕ್ಕಳ ಹೆಸರು ಓದಿದಾಗ, ಹೆಚ್ಚಿನವರು ಅಪ್ಪ ಅಮ್ಮ ಸಂತೆಗೆ ಹೋದಾಗ ತಮ್ಮ ತಂಗಿಯರನ್ನೂ ಕುರಿಗಳನ್ನೂ ಕಾಯುವ ಮಕ್ಕಳೆಂದು ತಿಳಿಯಿತು. ಜಾಥಾ ಮಾಡಿದರೆ ಇದು ಸರಿಹೋಗುವುದಿಲ್ಲ. ಮೂವರು ಸದಸ್ಯರು ನಾಲ್ಕು ನಾಲ್ಕು ಮನೆ ಹಂಚಿಕೊಂಡು ಬುಧವಾರ ಸಂಜೆ ಹೋಗಿಬಂದರು. ಮುಂದಿನ ತಿಂಗಳು ಗೈರು ಐದಕ್ಕಿಳಿಯಿತು. ಆ ಐವರ ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಅದನ್ನೂ ಹಾಗೆಯೇ ಬರೆದಿದ್ದೇವೆ.

ಕಟ್ಟಡದ್ದು ಬೇರೆ ಕಥೆ. ‘ಕೊಠಡಿ ಸೋರುತ್ತಿದೆ, ದುರಸ್ತಿ ಮಾಡಿಸಿಕೊಡಿ’ ಎಂಬ ನಿರ್ಣಯದ ಪ್ರತಿ ಮೂರು ಸಲ ಹೋಗಿತ್ತು, ಮೂರು ಸಲವೂ ಕಡತದಲ್ಲೇ ಮಲಗಿತು. ನಾಲ್ಕನೆಯ ಸಲ ಟೇಪು ಹಿಡಿದೆ. ಮೂರನೇ ಕೊಠಡಿ, 20 ಅಡಿ ಉದ್ದಗಲ; ಈಶಾನ್ಯ ಮೂಲೆಯಲ್ಲಿ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದೆ. ಹೀಗೆ ಬರೆದು ಫೋಟೋ ಅಂಟಿಸಿ, ಗ್ರಾಮ ಪಂಚಾಯಿತಿಗೂ ಶಿಕ್ಷಣ ಇಲಾಖೆಗೂ ಪ್ರತಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಂದೆ. ಅದಕ್ಕಿಂತ ಮುಖ್ಯವಾಗಿ, ಅನುದಾನಕ್ಕೆ ಕಾಯದೆ ಅದೇ ದಿನದಿಂದ ಆ ಕೊಠಡಿಗೆ ಬೀಗ ಹಾಕಿ ನಾಲ್ಕನೇ ತರಗತಿಯನ್ನು ಜಗಲಿಗೆ ತರಬೇಕೆಂದು ಪ್ರತ್ಯೇಕ ನಿರ್ಣಯ ಮಾಡಿದೆವು. ಇದಕ್ಕೆ ಯಾರ ಮಂಜೂರಾತಿಯೂ ಬೇಕಿರಲಿಲ್ಲ, ಆದರೂ ಮೂರು ಸಭೆ ಕಳೆಯುವವರೆಗೆ ನಮಗೆ ಹೊಳೆದಿರಲಿಲ್ಲ.

ಈಗ ಸಭೆ ಮುಗಿಯುವ ಮುನ್ನ ನಡಾವಳಿಯನ್ನು ಗಟ್ಟಿಯಾಗಿ ಓದುತ್ತೇನೆ. ಓದು ಬಾರದ ಇಬ್ಬರು ಸದಸ್ಯರು ಕೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತುತ್ತಾರೆ. ಕೊನೆಯ ಸಾಲಿನ ಕೆಳಗೆ ಉಳಿದ ಜಾಗಕ್ಕೆ ಓರೆಗೆರೆ ಎಳೆಯುತ್ತೇನೆ. ಮುಂದಿನ ಸಭೆಯ ಮೊದಲ ವಿಷಯ ಯಾವಾಗಲೂ ಹಿಂದಿನ ನಿರ್ಣಯಗಳ ಅನುಪಾಲನೆ. ಎಂಜಿನಿಯರ್ ಬಂದು ಅಂದಾಜು ಪಟ್ಟಿ ಮಾಡಿಕೊಂಡು ಹೋಗಿದ್ದಾರೆ. ಕಳೆದ ತಿಂಗಳ ಅನುಪಾಲನೆಯಲ್ಲಿ ಮೂರನೇ ಕೊಠಡಿಯ ಎದುರು ‘ಬಾಕಿ, ಬೀಗ ಹಾಕಿದೆ’ ಎಂದು ಬರೆದಿದ್ದೇನೆ.