ಅಡುಗೆಯವರ ಸಂಬಳ: ನ್ಯಾಯವಾದ ಲೆಕ್ಕ ಹಾಕುವುದು ಹೇಗೆ?

ಬೆಂಗಳೂರಿನಲ್ಲಿ ಮನೆ ಅಡುಗೆಯವರ ಸಂಬಳ ಸಾಮಾನ್ಯವಾಗಿ ಪಕ್ಕದ ಮನೆಯವರು ಎಷ್ಟು ಕೊಡುತ್ತಾರೆ ಎಂಬುದರ ಮೇಲೆ ನಿಲ್ಲುತ್ತದೆ. ಅಲ್ಲಿ ಚಪಾತಿ ಇದೆಯೋ ಇಲ್ಲವೋ, ತರಕಾರಿ ಹೆಚ್ಚುವವರು ಯಾರು ಎಂದು ಯಾರೂ ಕೇಳುವುದಿಲ್ಲ. ಸಮಯದಿಂದ ಲೆಕ್ಕ ಶುರು ಮಾಡಿದರೆ ಈ ಗೊಂದಲ ಇರುವುದಿಲ್ಲ.

ಮೊದಲು ಗಂಟೆಯ ದರ ಗೊತ್ತುಮಾಡಿ. ಕರ್ನಾಟಕದಲ್ಲಿ ಮನೆಗೆಲಸಕ್ಕೂ ಸರ್ಕಾರದ ಕನಿಷ್ಠ ವೇತನವಿದೆ. ಈಗ ಜಾರಿಯಲ್ಲಿರುವ ದರವನ್ನು ಕಾರ್ಮಿಕ ಇಲಾಖೆಯ ಅಧಿಸೂಚನೆಯಲ್ಲಿ ನೋಡಿ, ಅದಕ್ಕಿಂತ ಕೆಳಗೆ ಇಳಿಯಬೇಡಿ. ಪೂರ್ಣಾವಧಿಯ ತಿಂಗಳ ಸಂಬಳವನ್ನು 26 ದಿನ, ದಿನಕ್ಕೆ 8 ಗಂಟೆ, ಅಂದರೆ 208 ಗಂಟೆಗಳಿಂದ ಭಾಗಿಸಿ. ಉದಾಹರಣೆಗೆ 20,800 ರೂಪಾಯಿ ಎಂದಿಟ್ಟುಕೊಂಡರೆ ಗಂಟೆಗೆ 100 ರೂಪಾಯಿ.

ಇನ್ನು ಅಡುಗೆಯನ್ನು ನಿಮಿಷಗಳಿಗೆ ಇಳಿಸಿ. ನಾಲ್ವರ ಮನೆಗೆ ಅನ್ನ, ಹುಳಿ, ಪಲ್ಯ, 12 ಚಪಾತಿ ಎಂದುಕೊಳ್ಳಿ. ಅಕ್ಕಿ ಬೇಳೆ ತೊಳೆದು ಕುಕ್ಕರ್ ಇಡಲು 10 ನಿಮಿಷ, ತರಕಾರಿ ಹೆಚ್ಚಲು 20, ಹುಳಿಗೆ ರುಬ್ಬಿ ಒಗ್ಗರಣೆ ಹಾಕಲು 20, ಪಲ್ಯಕ್ಕೆ 10, ಹಿಟ್ಟು ಕಲಸಿ ಚಪಾತಿ ಬೇಯಿಸಲು 30, ಒಲೆ ಮತ್ತು ಕಟ್ಟೆ ಒರೆಸಲು 10. ಒಟ್ಟು 100 ನಿಮಿಷ. ಕುಕ್ಕರ್ ಕೂಗುವಾಗ ಕೈ ಬೇರೆ ಕೆಲಸದಲ್ಲಿರುವುದರಿಂದ ಆ ಹೊತ್ತನ್ನು ಮತ್ತೆ ಸೇರಿಸಬಾರದು. ಪದಾರ್ಥ ಎಷ್ಟು ಬಗೆ ಎಂದು ಮಾತ್ರ ಎಣಿಸಿದರೆ ಎಡವುವುದು ಇಲ್ಲೇ: ತಿಳಿಸಾರೂ ಒಂದೇ, ರುಬ್ಬಿದ ಹುಳಿಯೂ ಒಂದೇ, ಆದರೆ ಸಮಯ ಬೇರೆ. ಮನೆಗೆ ಇನ್ನಿಬ್ಬರು ಬಂದರೆ ಸಾರಿನ ಸಮಯ ಹೆಚ್ಚೇನೂ ಬೆಳೆಯುವುದಿಲ್ಲ, ಚಪಾತಿಯದು ಬೆಳೆಯುತ್ತದೆ.

ಮೂರನೆಯದು ಓಡಾಟ. ಅವರು ಮೂರು ಮನೆ ಮಾಡುತ್ತಿದ್ದು, ಬಂದು ಹೋಗುವುದಕ್ಕೂ ಮನೆಯಿಂದ ಮನೆಗೆ ನಡೆಯುವುದಕ್ಕೂ 45 ನಿಮಿಷ ಹಿಡಿದರೆ ಪ್ರತಿ ಮನೆಯ ಪಾಲು 15. ಹೀಗೆ ದಿನಕ್ಕೆ 115 ನಿಮಿಷ. 26 ದಿನಕ್ಕೆ ಸುಮಾರು 50 ಗಂಟೆ, ಸಂಬಳ 5,000 ರೂಪಾಯಿ. ಮೂರು ಮನೆಯಿಂದ ಸಂಪಾದನೆ ಇದೆ ಎಂದು ಕಡಿಮೆ ಕೊಡುವುದು ಅನ್ಯಾಯ. ಮನೆಗಳ ಸಂಖ್ಯೆಯಿಂದ ಕಡಿಮೆಯಾಗುವುದು ಓಡಾಟದ ಪಾಲು ಮಾತ್ರ. ಒಂದು ಮನೆ ಬಿಟ್ಟುಹೋದರೆ ಆ ಪಾಲನ್ನು ಮತ್ತೆ ಹಂಚಿ.

ಸಂಜೆಯೂ ಬರಬೇಕೇ? 40 ನಿಮಿಷದ ಚಪಾತಿ-ಪಲ್ಯಕ್ಕಾಗಿ ನಿಮ್ಮ ಮನೆಗೆ ಮಾತ್ರ 30 ನಿಮಿಷ ನಡೆದು ಬಂದು ಹೋಗುವುದಾದರೆ ದಿನಕ್ಕೆ 70 ನಿಮಿಷ, ತಿಂಗಳಿಗೆ ಇನ್ನೂ ಸುಮಾರು 3,000 ರೂಪಾಯಿ. ಇದು ಹೆಚ್ಚೆನಿಸಿದರೆ ಸಂಜೆಯ ಪಲ್ಯವನ್ನೂ ಬೆಳಿಗ್ಗೆಯೇ ಮಾಡಿಸಿಕೊಳ್ಳಿ. ಸಂಬಳ ಚೌಕಾಶಿ ಮಾಡಬೇಡಿ.

ಲೆಕ್ಕ 26 ದಿನದ್ದಾದ್ದರಿಂದ ವಾರದ ರಜೆಗೆ ಕಡಿತವಿಲ್ಲ. ನೀವೇ ಊರಿಗೆ ಹೋದ ದಿನಗಳಿಗೂ ಸಂಬಳ ಹಿಡಿಯಬಾರದು, ಅವರು ಆ ಹೊತ್ತನ್ನು ನಿಮಗಾಗಿ ಮೀಸಲಿಟ್ಟಿರುತ್ತಾರೆ. ನೆಂಟರು ಬಂದ ದಿನದ ಹೆಚ್ಚಿನ ಹೊತ್ತಿಗೆ ಅದೇ ಗಂಟೆಯ ದರದಲ್ಲಿ ಅಂದೇ ಕೊಡಿ. ಮೊದಲ ಎರಡು ವಾರ ಬಂದ ಮತ್ತು ಹೊರಟ ಸಮಯವನ್ನು ಅವರೆದುರೇ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಅಂದಾಜು 100 ನಿಮಿಷ ನಿಜದಲ್ಲಿ 120 ಆಗುತ್ತಿದ್ದರೆ ಸಂಬಳವನ್ನು ಆ ತಿಂಗಳೇ ಸರಿಪಡಿಸಿ.