ಡೈರೆಕ್ಟ್, ಇನ್‌ಡೈರೆಕ್ಟ್ ಎರಡನ್ನೂ ನಾನು ಒಂದೇ ಹಾಳೆಯಲ್ಲಿ ಮಾಡುವುದು ಹೀಗೆ

ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್‌ನಲ್ಲಿ ಕಾರ್ಯಾಚರಣೆಯ ನಗದು, ಅಂದರೆ ದಿನನಿತ್ಯದ ವ್ಯಾಪಾರದಿಂದ ಕೈಗೆ ಬಂದ ಹಣ, ಲೆಕ್ಕ ಹಾಕಲು ಡೈರೆಕ್ಟ್, ಇನ್‌ಡೈರೆಕ್ಟ್ ಎಂಬ ಎರಡು ವಿಧಾನಗಳಿವೆ. ನಾನು ಅವನ್ನು ಬೇರೆ ಬೇರೆ ಹಾಳೆಯಲ್ಲಿ ಇಡುವುದಿಲ್ಲ. ಎರಡಕ್ಕೂ ಒಂದೇ ಕೋಷ್ಟಕ ಸಾಕು. ಉತ್ತರ ಯಾಕೆ ಒಂದೇ ಬರುತ್ತದೆ ಅನ್ನುವುದೂ ಅದರಲ್ಲೇ ಕಾಣುತ್ತದೆ.

ಒಂದು ಚಿಕ್ಕ ವ್ಯಾಪಾರ ತಗೊಳ್ಳೋಣ. ವರ್ಷದ ಮಾರಾಟ 1000. ಮಾರಿದ ಸರಕಿನ ವೆಚ್ಚ 600, ಸಂಬಳ 150, ಸವಕಳಿ 50. ಹಳೆಯ ಯಂತ್ರವೊಂದನ್ನು ಮಾರಿದ್ದರಿಂದ 20 ಲಾಭ. ಎಲ್ಲ ಕೂಡಿ ಕಳೆದರೆ ಲಾಭ 220. ತೆರಿಗೆ, ಬಡ್ಡಿ ಸದ್ಯಕ್ಕೆ ಬೇಡ.

ಇನ್ನು ಬ್ಯಾಲೆನ್ಸ್ ಶೀಟ್. ಗ್ರಾಹಕರಿಂದ ಬರಬೇಕಾದ ಬಾಕಿ 120 ಇದ್ದದ್ದು 200 ಆಗಿದೆ. ಸ್ಟಾಕ್ 90ರಿಂದ 130ಕ್ಕೆ ಏರಿದೆ. ಸರಕು ಕೊಟ್ಟವರ ಖಾತೆ, ಅಂದರೆ ನಾವು ಅವರಿಗೆ ಕೊಡಬೇಕಾದದ್ದು, 70ರಿಂದ 100 ಆಗಿದೆ. ಕೊಡಬೇಕಾದ ಸಂಬಳ 10ರಿಂದ 15 ಆಗಿದೆ.

ಲಾಭ ನಷ್ಟದ ಪ್ರತಿ ಸಾಲಿನ ಪಕ್ಕದಲ್ಲೇ ಅದಕ್ಕೆ ಸೇರಿದ ಬಾಕಿಯ ಏರಿಳಿತವನ್ನು ಬರೆಯುತ್ತೇನೆ:

| ಬಾಬ್ತು | ಲಾಭ ನಷ್ಟದಲ್ಲಿ | ಹೊಂದಾಣಿಕೆ | ನಗದು |
|---|---|---|---|
| ಮಾರಾಟ | 1000 | −80 | 920 |
| ಸರಕಿನ ವೆಚ್ಚ | −600 | −40, +30 | −610 |
| ಸಂಬಳ | −150 | +5 | −145 |
| ಸವಕಳಿ | −50 | +50 | 0 |
| ಯಂತ್ರ ಮಾರಿದ ಲಾಭ | 20 | −20 | 0 |
| ಒಟ್ಟು | 220 | −55 | 165 |

ಕೊನೆಯ ಕಾಲಂ ಮೇಲಿಂದ ಕೆಳಗೆ ಓದಿ. ಗ್ರಾಹಕರಿಂದ ಬಂದದ್ದು 920, ಸರಕಿಗೆ ಕೊಟ್ಟದ್ದು 610, ಸಂಬಳಕ್ಕೆ ಕೊಟ್ಟದ್ದು 145. ಉಳಿದದ್ದು 165. ಇದು ಡೈರೆಕ್ಟ್ ವಿಧಾನ. ಈಗ ಕೊನೆಯ ಸಾಲನ್ನು ಅಡ್ಡಕ್ಕೆ ಓದಿ. ಲಾಭ 220, ಹೊಂದಾಣಿಕೆ 55 ಕಳೆದರೆ 165. ಆ 55ನ್ನು ಬಿಡಿಸಿ ಬರೆದರೆ ಅದೇ ಇನ್‌ಡೈರೆಕ್ಟ್ ವಿಧಾನ. ಮನೆಗಳೂ ಅವೇ, ಅಂಕಿಗಳೂ ಅವೇ. ಒಂದರಲ್ಲಿ ಮೊದಲು ಅಡ್ಡಕ್ಕೆ ಕೂಡಿ ಆಮೇಲೆ ಉದ್ದಕ್ಕೆ ಕೂಡುತ್ತೇವೆ. ಇನ್ನೊಂದರಲ್ಲಿ ಅದರ ತಿರುವು. ಮೊತ್ತ ಬದಲಾಗಲು ಸಾಧ್ಯವೇ ಇಲ್ಲ, ಅಲ್ವಾ?

ಸರಕಿನ ಸಾಲನ್ನು ಮಾತ್ರ ನಿಧಾನವಾಗಿ ನೋಡಬೇಕು, ಅಲ್ಲಿ ಎರಡು ಹೆಜ್ಜೆ ಇದೆ. ಮಾರಿದ ಸರಕು 600, ಅದರ ಮೇಲೆ ಸ್ಟಾಕ್ 40 ಜಾಸ್ತಿಯಾಗಿದೆ. ಅಂದರೆ ಖರೀದಿಸಿದ್ದು 640. ಅದರಲ್ಲಿ 30 ಇನ್ನೂ ಕೊಟ್ಟಿಲ್ಲ, ಹಾಗಾಗಿ ಕೈಯಿಂದ ಹೋದದ್ದು 610. ಸವಕಳಿಯ ಸಾಲಿನಲ್ಲಿ ನಗದು ಸೊನ್ನೆ. ಇನ್‌ಡೈರೆಕ್ಟ್‌ನಲ್ಲಿ ಸವಕಳಿಯನ್ನು ಕೂಡುವುದನ್ನು ನೋಡಿ ಅದರಿಂದ ಹಣ ಬರುತ್ತದೆ ಎಂದು ಕೆಲವರು ತಿಳಿಯುತ್ತಾರೆ. ಬರುವುದಿಲ್ಲ. ಲಾಭ ಲೆಕ್ಕ ಹಾಕುವಾಗ ಕಳೆದಿದ್ದನ್ನು ವಾಪಸ್ ಹಾಕುತ್ತೇವೆ, ಅಷ್ಟೇ. ಯಂತ್ರ ಮಾರಿ ಬಂದ ಹಣ ಪೂರ್ತಿಯಾಗಿ ಸ್ಟೇಟ್‌ಮೆಂಟ್‌ನ ಹೂಡಿಕೆಯ ಭಾಗಕ್ಕೆ ಹೋಗುತ್ತದೆ, ಅದಕ್ಕೇ ಅದರ ಲಾಭವನ್ನು ಇಲ್ಲಿಂದ ತೆಗೆಯುವುದು.

ಈಗ ನನಗೆ ಮುಖ್ಯ ಅನಿಸುವ ವಿಷಯ. ಎರಡೂ ವಿಧಾನದಲ್ಲಿ 165 ಬಂತು ಅಂದ ಮಾತ್ರಕ್ಕೆ 165 ಸರಿ ಅಂತ ಅಲ್ಲ. ಎರಡೂ ಒಂದೇ ಬಾಕಿಗಳಿಂದ ಹುಟ್ಟಿವೆ. ಬಾಕಿಯಲ್ಲಿ ಬೇರೆ ಏನಾದರೂ ಬೆರೆತಿದ್ದರೆ ಎರಡೂ ಸೇರಿಯೇ ತಪ್ಪುತ್ತವೆ.

ನನ್ನ ಕೈಗೆ ಬರುವ ಲೆಕ್ಕಗಳಲ್ಲಿ ಇದು ಹೆಚ್ಚಾಗಿ ಸಿಗುವುದು ಸರಕು ಕೊಟ್ಟವರ ಖಾತೆಯಲ್ಲಿ. ಮೇಲಿನ ವ್ಯಾಪಾರ ಅದೇ ವರ್ಷ 60ಕ್ಕೆ ಹೊಸ ಯಂತ್ರ ಕೊಂಡು, 48 ಕೊಟ್ಟು, 12 ಬಾಕಿ ಇಟ್ಟಿದೆ ಎಂದುಕೊಳ್ಳಿ. ಆ 12 ಸರಕು ಕೊಟ್ಟವರ ಖಾತೆಯ 100ರಲ್ಲೇ ಕೂತಿದೆ. ಆಗ ಸರಕಿನ ಬಾಕಿ ನಿಜವಾಗಿ ಏರಿದ್ದು 30 ಅಲ್ಲ, 18. ಸರಕಿಗೆ ಕೊಟ್ಟದ್ದು 622. ಕಾರ್ಯಾಚರಣೆಯ ನಗದು 153. ಇನ್ನೊಂದು ಕಡೆ, ಹೂಡಿಕೆಯ ಭಾಗದಲ್ಲಿ ಯಂತ್ರಕ್ಕೆ 60 ಎಂದು ತೋರಿಸಿರುತ್ತಾರೆ, ಹೋಗಿದ್ದು 48 ಮಾತ್ರ. ಎರಡು ತಪ್ಪುಗಳೂ 12ರವೇ, ವಿರುದ್ಧ ದಿಕ್ಕಿನವು. ಹಾಗಾಗಿ ಒಟ್ಟು ನಗದಿನ ಬದಲಾವಣೆ ಬ್ಯಾಂಕ್ ಬಾಕಿಗೆ ಸರಿಯಾಗಿ ತಾಳೆಯಾಗುತ್ತದೆ, ಯಾರಿಗೂ ಸಂಶಯ ಬರುವುದಿಲ್ಲ.

ಇದನ್ನು ಹಿಡಿಯುವ ದಾರಿ ಬ್ಯಾಂಕ್ ಪುಸ್ತಕ. ಸರಕು ಕೊಟ್ಟವರಿಗೆ ಹೋದ ಪಾವತಿಗಳನ್ನು ಅಲ್ಲಿಂದಲೇ ಕೂಡಿದರೆ 622 ಬರುತ್ತದೆ, ಕೋಷ್ಟಕದಲ್ಲಿ 610 ಇದೆ. ವ್ಯತ್ಯಾಸದ 12ನ್ನು ಹಿಡಿದು ಆ ಖಾತೆಯ ಪಟ್ಟಿ ತೆರೆದರೆ ಯಂತ್ರದ ಬಿಲ್ ಸಿಗುತ್ತದೆ. ಬಾಕಿಗಳಿಂದ ಕಟ್ಟಿದ ಡೈರೆಕ್ಟ್ ಬೇರೆ, ನಿಜವಾದ ಪಾವತಿಗಳಿಂದ ಕಟ್ಟಿದ ಡೈರೆಕ್ಟ್ ಬೇರೆ. ಎರಡನೆಯದು ಮಾತ್ರ ಇನ್‌ಡೈರೆಕ್ಟ್‌ಗೆ ಸ್ವತಂತ್ರ ಸಾಕ್ಷಿ.

ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡವಾದ ಐಎಎಸ್ 7 ಎರಡಕ್ಕೂ ಅವಕಾಶ ಕೊಟ್ಟು ಡೈರೆಕ್ಟ್ ಅನ್ನೇ ಪ್ರೋತ್ಸಾಹಿಸುತ್ತದೆ. ಆದರೂ ಹೆಚ್ಚಿನ ಕಂಪನಿಗಳು ಇನ್‌ಡೈರೆಕ್ಟ್ ಬಳಸುವುದಕ್ಕೆ ಕಾರಣ ಇದೇ ಶ್ರಮ: ಪ್ರತಿ ಪಾವತಿಯನ್ನೂ ವಿಂಗಡಿಸಬೇಕು. ಎಲ್ಲ ಸಾಲುಗಳಿಗೂ ಅಷ್ಟು ಕೆಲಸ ನಾನೂ ಮಾಡುವುದಿಲ್ಲ. ಗ್ರಾಹಕರಿಂದ ಬಂದದ್ದು, ಸರಕಿಗೆ ಕೊಟ್ಟದ್ದು, ಈ ಎರಡನ್ನು ಮಾತ್ರ ಬ್ಯಾಂಕ್‌ನಿಂದ ತೆಗೆದು ಕೋಷ್ಟಕದ ಪಕ್ಕ ಇಡುತ್ತೇನೆ. ಸಂಬಳದ ಬಾಕಿಯಲ್ಲಿ ಬೇರೆಯದು ಬೆರೆಯುವುದು ಅಪರೂಪ.