ಪ್ರೋನೋಟಿನ ಮೂರು ವರ್ಷ ಯಾವತ್ತು ಮುಗಿಯುತ್ತೆ: ಒಂದು ಶುಕ್ರವಾರ ಸಂಜೆಯ ಲೆಕ್ಕ

ಕಳೆದ ವರ್ಷ ಜೂನ್ 13ರ ಶುಕ್ರವಾರ. ಸಂಜೆ ಐದೂವರೆ ಆಗಿತ್ತು, ಕೋರ್ಟ್ ಮುಗಿಸಿ ಬಂದು ಕೂತಿದ್ದೆ. ಹಳೇ ಕಕ್ಷಿದಾರರೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಒಂದು ಪ್ರೋನೋಟು ಹಿಡಿದುಕೊಂಡು ಬಂದರು. ನಾಲ್ಕು ಲಕ್ಷದ ಸಾಲ, ಕೇಳಿದಾಗ ಕೊಡುತ್ತೇನೆ ಅಂತ ಬರೆದಿದೆ, ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಇದೆ, ತಾರೀಖು 14-06-2022.

"ಸಾರ್, ಇವತ್ತಿಗೆ ಮೂರು ವರ್ಷ ತುಂಬಿ ಹೋಯ್ತಲ್ವಾ? ದುಡ್ಡು ಮುಳುಗ್ತಾ?" ಅಂದರು.

ಪ್ರೋನೋಟಿನ ದುಡ್ಡು ವಸೂಲಿಗೆ ಮೂರು ವರ್ಷದೊಳಗೆ ದಾವೆ ಹಾಕಬೇಕು. ಅವರ ಲೆಕ್ಕದಲ್ಲಿ 14ನೇ ತಾರೀಖೇ ಮೊದಲ ದಿನ, ಹಾಗಾಗಿ ಮೂರು ವರ್ಷ 13ಕ್ಕೆ ಮುಗಿಯಬೇಕು. ಆದರೆ ಲಿಮಿಟೇಶನ್ ಕಾಯ್ದೆ, 1963ರ ಕಲಂ 12(1) ಹೇಳೋದೇ ಬೇರೆ. ಯಾವ ದಿನದಿಂದ ಅವಧಿ ಎಣಿಸಬೇಕೋ ಆ ದಿನವನ್ನೇ ಬಿಟ್ಟುಬಿಡಬೇಕು. ಅಂದರೆ ನಮ್ಮ ಮೊದಲ ದಿನ 15-06-2022, ಕೊನೇ ದಿನ 14-06-2025. ಸುಲಭವಾಗಿ ಹೇಳಬೇಕೆಂದರೆ, ಪ್ರೋನೋಟಿನ ತಾರೀಖು ಯಾವುದೋ ಮೂರು ವರ್ಷ ಆದಮೇಲೆ ಅದೇ ತಾರೀಖೇ ಕೊನೇ ದಿನ, ಅವತ್ತು ಪೂರ್ತಿ ನಮ್ಮದು.

ನನ್ನ ಜೂನಿಯರ್ ಅಷ್ಟರಲ್ಲಿ ಮೊಬೈಲ್ ತೆಗೆದು 365ನ್ನು ಮೂರರಿಂದ ಗುಣಿಸಿ 1095 ದಿನ ಎಣಿಸಿದ್ದ. 15ರಿಂದಲೇ ಶುರು ಮಾಡಿದ್ದರೂ ಅವನಿಗೂ 13ನೇ ತಾರೀಖೇ ಬಂತು! ಮಧ್ಯೆ 2024ರ ಫೆಬ್ರವರಿ 29 ಇತ್ತು, ಅದಕ್ಕೇ ಒಂದು ದಿನ ಕಮ್ಮಿ ಬಿತ್ತು. ಕಾಯ್ದೆ ಹೇಳೋದು ಮೂರು ವರ್ಷ ಅಂತ, ಇಷ್ಟು ದಿನ ಅಂತಲ್ಲ. ಕ್ಯಾಲೆಂಡರ್ ನೋಡಿಯೇ ಎಣಿಸಬೇಕು.

ಇನ್ನೊಂದು ವಿಷಯ ಅವರಿಗೆ ಬಿಡಿಸಿ ಹೇಳಬೇಕಾಯ್ತು. "ನಾನು ದುಡ್ಡು ಕೇಳಿದ್ದೇ ಹೋದ ವರ್ಷ, ಅಲ್ಲಿಂದ ಎಣಿಸೋಕೆ ಆಗಲ್ವಾ?" ಅಂದರು. ಆಗಲ್ಲ. ಕೇಳಿದಾಗ ಕೊಡಬೇಕಾದ ಇಂಥ ಪ್ರೋನೋಟಿಗೆ, ಬೇರೆ ಕರಾರು ಏನೂ ಜೊತೆಗಿಲ್ಲದಿದ್ದರೆ, ಅವಧಿ ಓಡೋಕೆ ಶುರುವಾಗೋದು ಪ್ರೋನೋಟಿನ ತಾರೀಖಿನಿಂದ (ಆರ್ಟಿಕಲ್ 35). ಲಾಯರ್ ನೋಟಿಸ್ ಕೊಟ್ಟರೂ ಅದು ನಿಲ್ಲಲ್ಲ. ಸಾಲಗಾರ ಮಧ್ಯೆ ಐದು ಸಾವಿರ ಕೈಗೆ ಕೊಟ್ಟಿದ್ದನಂತೆ. ಅದನ್ನು ಪ್ರೋನೋಟಿನ ಹಿಂದೆ ಬರೆಸಿ ಸಹಿ ಹಾಕಿಸಿಕೊಂಡಿದ್ದರೆ ಆ ಪಾವತಿಯ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತಿತ್ತು. ತಿರುಗಿಸಿ ನೋಡಿದೆ, ಹಿಂಬದಿ ಖಾಲಿ.

ಸರಿ, ಕೊನೇ ದಿನ 14 ಅಂತಾಯ್ತು. ಆದರೆ ನಾಳೆ ಎರಡನೇ ಶನಿವಾರ, ಕೋರ್ಟಿಗೆ ರಜೆ. ನಾಡಿದ್ದು ಭಾನುವಾರ. ಇಲ್ಲಿ ಕಲಂ 4 ಕೈ ಹಿಡಿಯುತ್ತೆ. ಕೊನೇ ದಿನ ಕೋರ್ಟ್ ಮುಚ್ಚಿದ್ದರೆ ಮತ್ತೆ ತೆರೆದ ದಿನ ದಾವೆ ಹಾಕಬಹುದು. ಅಂದರೆ 16ನೇ ತಾರೀಖು, ಸೋಮವಾರ.

ಆ ದಿನ ಮಾತ್ರ, ಮಂಗಳವಾರ ಹೋದರೆ ಮುಗೀತು. ಮೇಲ್ಮನವಿಗಾದರೆ ತಡವಾಗಿದ್ದಕ್ಕೆ ಕಾರಣ ಕೊಟ್ಟು ಕಲಂ 5ರಲ್ಲಿ ಅರ್ಜಿ ಹಾಕಬಹುದು. ದಾವೆಗೆ ಆ ಸೌಲಭ್ಯ ಇಲ್ಲ. ಎದುರಿನವರು ತಕರಾರು ತೆಗೆಯದೇ ಇದ್ದರೂ ಕಲಂ 3ರ ಪ್ರಕಾರ ಕೋರ್ಟೇ ವಜಾ ಮಾಡಬೇಕು.

ಇದರಲ್ಲಿ ಜಾಸ್ತಿ ಜನ ಎಡವೋ ಜಾಗ ಒಂದಿದೆ. ಕಕ್ಷಿದಾರರು ಹೊರಡುವಾಗ ಕೇಳಿದರು, "ಭಾನುವಾರ ಅವನ ಮನೆಗೆ ಹೋಗಿ 'ಸಾಲ ಇರೋದು ನಿಜ' ಅಂತ ಬರೆಸಿಕೊಂಡು ಬಂದರೆ ಮತ್ತೆ ಮೂರು ವರ್ಷ ಸಿಗುತ್ತಲ್ವಾ?" ಸಿಗಲ್ಲ. ಸಾಲ ಒಪ್ಪಿಕೊಂಡ ಸಹಿ ಅವಧಿ ಮುಗಿಯೋ ಮುಂಚೆ ಬಿದ್ದಿರಬೇಕು. ಕಲಂ 4 ಅವಧಿಯನ್ನು ಉದ್ದ ಮಾಡಲ್ಲ, ದಾವೆ ಹಾಕೋಕೆ ಬಾಗಿಲು ತೆಗೆದಿಡುತ್ತೆ, ಅಷ್ಟೇ. ಅವಧಿ 14ಕ್ಕೇ ಮುಗಿದಿರುತ್ತೆ. ಬೇಕಿದ್ದರೆ ನಾಳೆ ಶನಿವಾರವೇ ಬರೆಸಿಕೊಂಡು ಬನ್ನಿ ಅಂದೆ. ಹೋಗಿದ್ದರು, ಆಸಾಮಿ ಊರಲ್ಲಿರಲಿಲ್ಲ.

ಶನಿವಾರ, ಭಾನುವಾರ ಕೂತು ದಾವೆ ಬರೆದೆವು. ಕಾಲಮಿತಿಯ ಪ್ಯಾರಾದಲ್ಲಿ ಸುಮ್ನೆ "ದಾವೆ ಅವಧಿಯೊಳಗಿದೆ" ಅಂತ ಬರೆದು ಕೈ ತೊಳೆದುಕೊಳ್ಳಲಿಲ್ಲ. ಅವಧಿ ಮುಗಿದಮೇಲೆ ಹಾಕಿದ ದಾವೆಯಲ್ಲಿ ವಿನಾಯಿತಿಯ ಕಾರಣ ಹೇಳಲೇಬೇಕು, ಸಿವಿಲ್ ದಾವೆ ನಡೆಸೋ ವಿಧಾನ ಹೇಳುವ ಸಿಪಿಸಿಯಲ್ಲಿ ಆರ್ಡರ್ 7 ರೂಲ್ 6 ಇದೆ. ಹಾಗಾಗಿ ಪ್ರೋನೋಟಿನ ತಾರೀಖು ಬಿಟ್ಟು ಎಣಿಸಿದರೆ 14-06-2025 ಕೊನೇ ದಿನ, ಅವತ್ತು ಎರಡನೇ ಶನಿವಾರ, ಮರುದಿನ ಭಾನುವಾರ, ಕೋರ್ಟ್ ತೆರೆದ 16ರಂದೇ ದಾವೆ ಹಾಕಿದ್ದೇವೆ ಅಂತ ಬಿಡಿಸಿ ಬರೆದೆವು.

ಸೋಮವಾರ ಬೆಳಿಗ್ಗೆ ಕೌಂಟರ್ ತೆರೆಯೋ ಮುಂಚೆಯೇ ಜೂನಿಯರ್ ಅಲ್ಲಿ ನಿಂತಿದ್ದ. ದಾವೆಯ ಮೊದಲ ಪುಟಕ್ಕೆ 16ರ ಸೀಲು ಬಿದ್ದಮೇಲೇ ನನಗೆ ಫೋನ್ ಮಾಡಿದ. ಎದುರಿನ ವಕೀಲರು ಲಿಖಿತ ಹೇಳಿಕೆಯಲ್ಲಿ "ದಾವೆ ಎರಡು ದಿನ ತಡ" ಅಂತ ಬರೆದಿದ್ದಾರೆ. ಅದಕ್ಕೆ ಉತ್ತರವಾಗಿ ಆ ವರ್ಷದ ಕೋರ್ಟ್ ಕ್ಯಾಲೆಂಡರಿನ ಜೂನ್ ಪುಟವನ್ನು ಫೈಲಿಗೆ ಸೇರಿಸಿಟ್ಟಿದ್ದೇನೆ.